ನೋಟ್‌ಬುಕ್ ಒಟ್ಟು ಮಾಡುವುದೂ ಒಂದು ಪಾಠ: ಮೊದಲ ವಾರದ ಯೋಜನೆ ಹೀಗಿರಲಿ

ಮೊದಲ ದಿನ ತರಗತಿಯ ನಿಯಮಗಳನ್ನೆಲ್ಲ ಬೋರ್ಡ್ ಮೇಲೆ ಬರೆದು, ಮಕ್ಕಳಿಂದ ಒಟ್ಟಿಗೆ ಓದಿಸಿ, ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದರೆ ಮುಗಿಯಿತು ಎಂದು ನಾನೂ ಬಹಳ ವರ್ಷ ನಂಬಿದ್ದೆ. ಮೂರನೇ ದಿನದ ಹೊತ್ತಿಗೆ ಚಾರ್ಟ್ ಗೋಡೆಯ ಪಾಡಿಗಿರುತ್ತಿತ್ತು, ಗದ್ದಲ ತರಗತಿಯ ಪಾಡಿಗೆ. ಭಾಗಾಕಾರವನ್ನು ಹೇಳಿ ಬಿಟ್ಟರೆ ಬರುವುದಿಲ್ಲ, ಮಾಡಿಸಬೇಕು. ಸಾಲಾಗಿ ಬಂದು ಕೂರುವುದೂ ಹಾಗೆಯೇ. ಹಾಗಿದ್ದ ಮೇಲೆ ಅದಕ್ಕೆ ಪಾಠಯೋಜನೆಯಲ್ಲೇ ಜಾಗ ಬೇಕು, ನಿಮಿಷದ ಲೆಕ್ಕ ಸಮೇತ.

ಮೊದಲು ಆಯ್ಕೆ. ವಾರಕ್ಕೆ ಮೂರು ರೂಢಿಗಳು ಸಾಕು: ಒಳಗೆ ಬಂದು ಕೆಲಸ ಶುರು ಮಾಡುವುದು, ಟೀಚರ್ ಕೈ ಎತ್ತಿದಾಗ ಮಾತು ನಿಲ್ಲಿಸುವುದು, ನೋಟ್‌ಬುಕ್ ಒಟ್ಟು ಮಾಡುವುದು. ದಿನವೂ ನಡೆಯುವ, ಕೆಟ್ಟರೆ ಹೆಚ್ಚು ಹೊತ್ತು ತಿನ್ನುವ ಕೆಲಸಗಳಿವು. ಉಳಿದದ್ದು ಮುಂದಿನ ವಾರಗಳಿಗೆ.

ಪ್ರತಿಯೊಂದನ್ನೂ ಕಣ್ಣಿಗೆ ಕಾಣುವ ಕೆಲಸವಾಗಿ ಬರೆದುಕೊಳ್ಳಿ. ‘ಶಿಸ್ತಿನಿಂದ ಇರಬೇಕು’ ಎಂದರೆ ಹತ್ತು ವರ್ಷದ ಮಗುವಿಗೆ ಏನೂ ತಿಳಿಯುವುದಿಲ್ಲ. ‘ಕೈ ಎತ್ತಿದ್ದು ಕಂಡ ಕೂಡಲೇ ಪೆನ್ಸಿಲ್ ಕೆಳಗಿಡಬೇಕು, ಮಾತು ನಿಲ್ಲಿಸಬೇಕು, ನನ್ನ ಕಡೆ ನೋಡಬೇಕು’ ಎಂದರೆ ತಿಳಿಯುತ್ತದೆ. ಮಾಡಿದ್ದಾರೋ ಇಲ್ಲವೋ ಎನ್ನುವುದು ನಿಮಗೂ ಕಾಣುತ್ತದೆ.

ಈಗ ನೋಟ್‌ಬುಕ್ ವಿಷಯವನ್ನೇ ಹತ್ತಿರದಿಂದ ನೋಡೋಣ. ಐದನೇ ತರಗತಿ, 36 ಮಕ್ಕಳು, ಆರು ಸಾಲು, ಸಾಲಿಗೆ ಆರು ಜನ ಎಂದಿಟ್ಟುಕೊಳ್ಳಿ. ಬಹುಪಾಲು ಶಿಕ್ಷಕರು ನೋಟ್‌ಬುಕ್‌ಗಳನ್ನು ಹಿಂದಿನಿಂದ ಮುಂದಕ್ಕೆ ದಾಟಿಸುತ್ತಾರೆ. ತೊಂದರೆ ಅಲ್ಲೇ ಇದೆ. ಮುಂದಿನ ಮಗುವಿನ ಬೆನ್ನಿಗೆ ಪುಸ್ತಕದಿಂದ ತಿವಿದದ್ದು, ತಲೆ ಮೇಲೆ ತಟ್ಟಿದ್ದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಜಗಳ ಎದ್ದ ಮೇಲಷ್ಟೇ ಗೊತ್ತಾಗುತ್ತದೆ. ಅದರ ಬದಲು ಪ್ರತಿ ಸಾಲೂ ಪಕ್ಕಕ್ಕೆ, ಕಿಟಕಿ ಕಡೆಗೆ ದಾಟಿಸಲಿ. ತಮ್ಮದನ್ನು ಮೇಲಿಟ್ಟು ಮುಂದಿನವರಿಗೆ ಕೊಡಲಿ. ಆಗ ಎಲ್ಲರ ಕೈಗಳೂ ನಿಮಗೆ ಕಾಣುತ್ತವೆ. ಕಿಟಕಿ ಪಕ್ಕ ಆರು ಕಟ್ಟು ಸೇರುತ್ತವೆ, ನೀವು ನಡೆಯುತ್ತಾ ಎತ್ತಿಕೊಂಡರೆ ಆಯಿತು.

ಮೊದಲ ದಿನದ 45 ನಿಮಿಷವನ್ನು ನಾನು ಹೀಗೆ ಹಂಚುತ್ತೇನೆ. ಒಳಗೆ ಬಂದು ಬೋರ್ಡ್ ಮೇಲಿನ ಲೆಕ್ಕ ಶುರು ಮಾಡುವುದಕ್ಕೆ 5 ನಿಮಿಷ, ಕಳೆದ ವರ್ಷದ ಗುಣಾಕಾರದ ಲೆಕ್ಕಗಳಿಗೆ 12, ನೋಟ್‌ಬುಕ್ ರೂಢಿ ಕಲಿಸುವುದಕ್ಕೆ 8, ಮತ್ತೆ ಲೆಕ್ಕಕ್ಕೆ 15, ಕೊನೆಯಲ್ಲಿ ನಿಜವಾಗಿ ಒಟ್ಟು ಮಾಡಲು 5. ಹೊಸ ಅಧ್ಯಾಯವನ್ನು ಈ ವಾರ ಬೇಕೆಂದೇ ಮುಟ್ಟುವುದಿಲ್ಲ. ಲೆಕ್ಕವೂ ಹೊಸದು, ರೂಢಿಯೂ ಹೊಸದು ಎಂದಾದರೆ ಎರಡೂ ಅರ್ಧಂಬರ್ಧವಾಗುತ್ತವೆ.

ಆ 8 ನಿಮಿಷದಲ್ಲಿ ಮಾತು ಕಡಿಮೆ ಇರಲಿ. ಒಂದು ಸಾಲಿನ ಆರು ಮಕ್ಕಳಿಂದ ಮಾಡಿಸಿ ತೋರಿಸಿ. ನೋಡುತ್ತಿದ್ದವರನ್ನು ‘ಏನೇನು ಕಂಡಿತು?’ ಎಂದು ಕೇಳಿ. ‘ಮಿಸ್, ಎದ್ದು ನಿಲ್ಲಲಿಲ್ಲ’, ‘ಎಸೆಯಲಿಲ್ಲ’ ಎಂದು ಅವರೇ ಹೇಳುತ್ತಾರೆ. ನಂತರ ಇಡೀ ತರಗತಿ ಮಾಡಲಿ. ಮೂರನೇ ಸಾಲಿನಲ್ಲಿ ಪುಸ್ತಕ ಕೆಳಗೆ ಬಿತ್ತು, ಎಲ್ಲರೂ ನಕ್ಕರು ಅನ್ನಿ. ಬೈಯಬೇಡಿ. ‘ಎಲ್ಲ ಹಿಂದಕ್ಕೆ ಕೊಡಿ, ಇನ್ನೊಂದು ಸಲ ಮಾಡೋಣ’ ಎನ್ನಿ. ನಿಮ್ಮ ದನಿಯಲ್ಲಿ ಸಿಟ್ಟು ಬಂದರೆ ಅಭ್ಯಾಸ ಶಿಕ್ಷೆಯಂತೆ ಕಾಣತೊಡಗುತ್ತದೆ.

ಎರಡನೇ ದಿನ ಯೋಜನೆಯಲ್ಲಿ ಇದಕ್ಕೆ 4 ನಿಮಿಷ, ಮೂರನೇ ದಿನ 2. ನಾಲ್ಕನೇ ದಿನ ಮೊದಲೇ ಒಂದು ವಾಕ್ಯದಲ್ಲಿ ನೆನಪಿಸಿದರೆ ಸಾಕು. ಐದನೇ ದಿನ ಏನೂ ನೆನಪಿಸದೆ ‘ನೋಟ್‌ಬುಕ್’ ಎಂದಷ್ಟೇ ಹೇಳಿ ಗಡಿಯಾರ ನೋಡಿ. ಒಂದು ನಿಮಿಷದೊಳಗೆ ಆರೂ ಕಟ್ಟು ಸೇರಿದರೆ ರೂಢಿ ಕೂತಿದೆ. ಸೇರದಿದ್ದರೆ ಎಲ್ಲಿ ನಿಂತಿತೆಂದು ನೋಡಿ. ಹೆಚ್ಚಾಗಿ ಒಂದೇ ಸಾಲು ತಡ ಮಾಡುತ್ತಿರುತ್ತದೆ, ಆ ಸಾಲಿಗಷ್ಟೇ ಮತ್ತೆ ತೋರಿಸಿದರೆ ಸಾಕು. ಒಂದೇ ಮಗುವಿಗೆ ಕಷ್ಟವಾಗುತ್ತಿದ್ದರೆ ಎಲ್ಲರೆದುರು ಮಾಡಿಸಬೇಡಿ. ಬಿಡುವಿನಲ್ಲಿ ಕರೆದು ಮಾಡಿಸಿ.

ಕೈ ಎತ್ತುವ ಸಂಕೇತದಲ್ಲಿ ಕೆಡಿಸುವವರು ಸಾಮಾನ್ಯವಾಗಿ ನಾವೇ. ಮೂವತ್ತು ಮಕ್ಕಳು ಸುಮ್ಮನಾದರು, ಹಿಂದೆ ಆರು ಜನ ಇನ್ನೂ ಮಾತಾಡುತ್ತಿದ್ದಾರೆ, ಹೊತ್ತಾಯಿತೆಂದು ನಾವು ಪಾಠ ಶುರು ಮಾಡಿಬಿಡುತ್ತೇವೆ. ಎತ್ತಿದ ಕೈಗೆ ಬೆಲೆ ಇಲ್ಲವೆಂದು ಆ ಆರು ಜನ ಅಂದೇ ಕಲಿಯುತ್ತಾರೆ, ಮಿಕ್ಕವರು ಮರುದಿನ. ಕೊನೆಯ ಮಗು ನಿಲ್ಲಿಸುವವರೆಗೆ ಕೈ ಇಳಿಸಬೇಡಿ, ಬಾಯಿ ತೆರೆಯಬೇಡಿ. ಈ ಕಾಯುವಿಕೆಗೂ ಯೋಜನೆಯಲ್ಲಿ ಒಂದೆರಡು ನಿಮಿಷ ಇಟ್ಟುಕೊಂಡರೆ ಪಾಠ ಹಿಂದೆ ಬೀಳುತ್ತದೆಂಬ ತಳಮಳ ಇರುವುದಿಲ್ಲ.

ರಜೆ ಕಳೆದು ಬಂದ ಸೋಮವಾರ ಅರ್ಧ ಮರೆತೇ ಬಂದಿರುತ್ತಾರೆ. ಎರಡನೇ ವಾರದ ಮೊದಲ ಪಿರಿಯಡ್‌ನಲ್ಲಿ ‘ನೋಟ್‌ಬುಕ್ ಅಭ್ಯಾಸ, 3 ನಿಮಿಷ’ ಎಂದು ಈಗಲೇ ಬರೆದಿಡಿ.