ಸಣ್ಣ ಬಲೂನಿನಲ್ಲಿ ಕನ್ನಡದ ಮಾತು: ನನ್ನ ಅನುಭವ

ಬೇರೆ ಭಾಷೆಗಳ ಕಾಮಿಕ್ಸ್ ಪುಟಗಳಿಗೆ ಕನ್ನಡದ ಮಾತು ಕೂರಿಸುವ ಕೆಲಸ ನನ್ನದು. ಹೆಚ್ಚು ಕಾಡುವುದು ಜಪಾನಿ ಮೂಲದ ಪುಟಗಳು. ಅಲ್ಲಿ ಮಾತನ್ನು ಮೇಲಿನಿಂದ ಕೆಳಕ್ಕೆ ಬರೆಯುತ್ತಾರೆ, ಹಾಗಾಗಿ ಬಲೂನುಗಳು ಉದ್ದಕ್ಕೆ ನಿಂತಿರುತ್ತವೆ, ಅಗಲವೇ ಇರುವುದಿಲ್ಲ. ಕನ್ನಡಕ್ಕೆ ಬೇಕಾದದ್ದು ಅಗಲ. ನಮ್ಮ ಕ್ರಿಯಾಪದ ಪ್ರತ್ಯಯಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಒಂದೇ ಪದವಾಗಿ ಬರುತ್ತದೆ. ಬಲೂನಿನಲ್ಲಿ ಜಾಗ ಸಾಲುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಒಟ್ಟು ಪದಗಳ ಸಂಖ್ಯೆಯಲ್ಲ, ಅತಿ ಉದ್ದದ ಆ ಒಂದು ಪದ.

ಇತ್ತೀಚಿನ ಒಂದು ಚೌಕಟ್ಟನ್ನೇ ನೋಡೋಣ. ಬಾಗಿಲಲ್ಲಿ ನಿಂತ ಗೆಳೆಯನನ್ನು ಕಂಡು ಹುಡುಗಿ ಆಡುವ ಮಾತು. ಅನುವಾದಕರು ಕಳಿಸಿದ ಸಾಲು ಹೀಗಿತ್ತು: "ನೀನು ಇನ್ನು ಮುಂದೆ ಹಿಂದಿರುಗಿ ಬರುವುದಿಲ್ಲವೆಂದು ನಾನು ಅಂದುಕೊಂಡಿದ್ದೆ!" ಅರ್ಥ ಸರಿಯಾಗಿದೆ. ಆದರೆ "ಬರುವುದಿಲ್ಲವೆಂದು" ಎಂಬ ಒಂದೇ ಪದ ಬಲೂನಿನ ಎರಡೂ ಅಂಚನ್ನು ದಾಟಿತು.

ಇಂಥಲ್ಲಿ ಅಕ್ಷರ ಕಿರಿದಾಗಿಸುವುದು ನನ್ನ ಕೊನೆಯ ದಾರಿ. ಒಂದು ಬಲೂನಿನಲ್ಲಿ ಅಕ್ಷರ ಸಣ್ಣದಾದರೆ ಆ ಪಾತ್ರ ಪಿಸುಗುಟ್ಟುತ್ತಿದೆ ಎಂದೇ ಓದುಗರು ತಿಳಿಯುತ್ತಾರೆ. ಮೊದಲು ಮುಟ್ಟುವುದು ಮಾತನ್ನು. "ನಾನು" ಬೇಕಿಲ್ಲ, ಕ್ರಿಯಾಪದವೇ ಅದನ್ನು ಹೇಳುತ್ತದೆ. "ಹಿಂದಿರುಗಿ" ಬೇಕಿಲ್ಲ, ಅವನು ಬಾಗಿಲಲ್ಲಿ ನಿಂತಿರುವುದು ಚಿತ್ರದಲ್ಲೇ ಇದೆ. ಅತಿಯಾಗಿ ಹಿಂಡುವುದೂ ಅಪಾಯ. "ಬರಲಾರೆ ಎಂದಿದ್ದೆ" ಎಂದರೆ ಜಾಗವೇನೋ ಉಳಿಯುತ್ತದೆ, ಆದರೆ ಬರುವುದಿಲ್ಲ ಎಂದು ಆಕೆಯೇ ಹೇಳಿದ್ದಳೆಂಬ ಅರ್ಥ ಬಂದುಬಿಡುತ್ತದೆ. ಕೊನೆಗೆ ಕೂತದ್ದು ಇದು:

ನೀನಿನ್ನು
ಬರಲಿಕ್ಕಿಲ್ಲ
ಅನಿಸಿತ್ತು!

ಈ ಪದಗಳನ್ನು ಆರಿಸಿದ್ದಕ್ಕೆ ಕಾರಣವಿದೆ. ಕನ್ನಡದ ಅಗಲವನ್ನು ಅಕ್ಷರ ಎಣಿಸಿ ಅಳೆಯಲಾಗದು. ಕೊಂಬು, ದೀರ್ಘ, ಸೊನ್ನೆ ಇವೆಲ್ಲ ಅಕ್ಷರದ ಬಲಕ್ಕೆ ಚಾಚಿಕೊಳ್ಳುತ್ತವೆ. ಗುಡಿಸು ಮೇಲಕ್ಕೆ ಹೋಗುತ್ತದೆ, ಒತ್ತಕ್ಷರ ಬಹುಮಟ್ಟಿಗೆ ಕೆಳಕ್ಕೆ ಇಳಿಯುತ್ತದೆ. "ಅಂದುಕೊಂಡೆ" ಮತ್ತು "ಅನಿಸಿತ್ತು" ಎರಡರಲ್ಲೂ ನಾಲ್ಕೇ ಅಕ್ಷರ. ಆದರೆ ಮೊದಲನೆಯದರಲ್ಲಿ ಎರಡು ಸೊನ್ನೆ, ಒಂದು ಕೊಂಬು, ಅಗಲವಾಗುವ "ಕೊ" ಇವೆ. ಎರಡನೆಯದು ಅದರ ಪಕ್ಕದಲ್ಲಿ ತೀರಾ ತೆಳ್ಳಗೆ ಕಾಣುತ್ತದೆ. "ಬರಲಿಕ್ಕಿಲ್ಲ" ಕೂಡ ಹಾಗೆಯೇ: ಐದು ಅಕ್ಷರವಿದ್ದರೂ ಪಕ್ಕಕ್ಕೆ ಚಾಚುವ ಚಿಹ್ನೆ ಒಂದೂ ಇಲ್ಲ. ಮೇಲಾಗಿ ಬಲೂನು ಮೊಟ್ಟೆಯಾಕಾರದ್ದು, ನಡುವಿನ ಸಾಲೇ ಉದ್ದವಾಗಿರಬೇಕು. ಆದ್ದರಿಂದಲೇ "ನೀನು ಇನ್ನು" ಎಂಬುದನ್ನು ಸಂಧಿ ಮಾಡಿ ಮೇಲಿನ ಸಾಲನ್ನು ಗಿಡ್ಡ ಮಾಡಿದೆ. ಬೇರೆಡೆ ಇದೇ ಸಂಧಿಯನ್ನು ಬಿಡಿಸಿ ಸಾಲು ಮುರಿಯುವುದೂ ಉಂಟು.

ಅಗಲ ಉಳಿಯಿತು, ಎತ್ತರದ ಲೆಕ್ಕ ಶುರುವಾಯಿತು. ಇಂಗ್ಲಿಷ್ ಕಾಮಿಕ್ಸಿನ ದೊಡ್ಡಕ್ಷರಗಳು ಸಾಲಿನಿಂದ ಕೆಳಗೆ ಇಳಿಯುವುದೇ ಇಲ್ಲ, ಸಾಲುಗಳನ್ನು ಒತ್ತೊತ್ತಾಗಿ ಪೇರಿಸಬಹುದು. ನಾನು 9 ಪಾಯಿಂಟ್ ಅಕ್ಷರಕ್ಕೆ ಸುಮಾರು 12 ಪಾಯಿಂಟ್ ಸಾಲಂತರ ಇಟ್ಟುಕೊಳ್ಳುತ್ತೇನೆ. ಅಷ್ಟಾದರೂ ಇಲ್ಲಿ "ನ್ನು" ಒತ್ತು ಕೆಳಗಿನ "ಕ್ಕಿ" ಗುಡಿಸಿಗೆ ತಗುಲಿತು. ಇಡೀ ಬಲೂನಿನ ಅಂತರ ಹೆಚ್ಚಿಸುವ ಬದಲು ಮೊದಲ ಸಾಲನ್ನು ಮಾತ್ರ ಕೂದಲೆಳೆಯಷ್ಟು ಬಲಕ್ಕೆ ಸರಿಸಿದೆ. ಒತ್ತು ಈಗ "ಲ್ಲ" ಮೇಲೆ ಬಂತು, ಅಲ್ಲಿ ಗುಡಿಸು ಇಲ್ಲದಿರುವುದರಿಂದ ಜಾಗವಿದೆ. ಡಿಕ್ಕಿ ಆಗಿದೆಯೇ ಎಂದು ತಿಳಿಯಲು ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಸಾಲದು, ಪುಟವನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ ನೋಡುತ್ತೇನೆ. ತಗುಲಿದ ಜಾಗ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ.

ಪದ ಮುರಿಯಲೇಬೇಕಾದರೆ ಪ್ರತ್ಯಯ ಕೂಡುವ ಕಡೆ ಮುರಿಯುತ್ತೇನೆ. "ಹೋಗ-ಬೇಕಾಗಿತ್ತು" ಎಂದರೆ ಕಣ್ಣು ಎಡವುವುದಿಲ್ಲ, "ಹೋಗಬೇ-ಕಾಗಿತ್ತು" ಎಂದರೆ ಎಡವುತ್ತದೆ. ಸಿಟ್ಟಿನ ಮಾತಿನಲ್ಲಂತೂ ಮುರಿಯುವುದೇ ಇಲ್ಲ, ಅಡ್ಡಗೆರೆ ಬಂದೊಡನೆ ಕೂಗಿನ ಬಿರುಸು ಹೋಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಅಕ್ಷರವಿನ್ಯಾಸದ ಕಡೆ ತಿರುಗುತ್ತೇನೆ. ತಂತ್ರಾಂಶದಲ್ಲಿ ಅಕ್ಷರವನ್ನು ಅಡ್ಡಡ್ಡ ಅಮುಕಿದರೆ ನೇರ ಗೆರೆಗಳು ತೆಳುವಾಗಿ, ದುಂಡಗಿನ ಅಕ್ಷರಗಳು ವಿಕಾರವಾಗುತ್ತವೆ. ಅದರ ಬದಲು ಅನೇಕ್ ಕನ್ನಡದಂಥ ಫಾಂಟ್ ಬಳಸುತ್ತೇನೆ. ಅದರಲ್ಲಿ ಅಗಲವನ್ನು 75ರಿಂದ 125ರವರೆಗೆ ಹೊಂದಿಸಬಹುದು, ಕಿರಿದಾದ ರೂಪವನ್ನೂ ವಿನ್ಯಾಸಕಾರರೇ ತಿದ್ದಿ ಕೊಟ್ಟಿದ್ದಾರೆ. ಆದರೂ ಒಂದೇ ಪುಟದಲ್ಲಿ ಅಕ್ಕಪಕ್ಕದ ಬಲೂನುಗಳ ನಡುವೆ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಬಾರದಂತೆ ನೋಡಿಕೊಳ್ಳುತ್ತೇನೆ.

ಬಲೂನನ್ನೇ ಹಿಗ್ಗಿಸುವುದು ಪ್ರಕಾಶಕರ ಒಪ್ಪಿಗೆ ಇದ್ದಾಗ ಮಾತ್ರ. ಹಿನ್ನೆಲೆ ಬರೀ ಆಕಾಶವೋ ಗೋಡೆಯೋ ಆಗಿದ್ದರೆ ಅಂಚನ್ನು ಅಳಿಸಿ ಹೊರಗೆ ಮತ್ತೆ ಎಳೆಯುವುದು ಸುಲಭ. ಬಲೂನು ಚೌಕಟ್ಟಿನ ಅಂಚಿಗೆ ಹತ್ತಿರವಿದ್ದರೆ ಅದರ ಒಂದು ಬದಿಯನ್ನು ಅಂಚಿಗೇ ಕೂಡಿಸುತ್ತೇನೆ, ಚಿತ್ರಕ್ಕೆ ಧಕ್ಕೆಯಾಗದೆ ಒಂದು ಅಕ್ಷರದಷ್ಟು ಅಗಲ ಸಿಗುತ್ತದೆ. ಬಾಯಿಯತ್ತ ಇಳಿಯುವ ಬಾಲವನ್ನು ಮಾತ್ರ ಕದಲಿಸುವುದಿಲ್ಲ. ಅದು ಸ್ವಲ್ಪ ತಿರುಗಿದರೂ ಮಾತು ಪಕ್ಕದಲ್ಲಿ ನಿಂತವರ ಬಾಯಿಗೆ ಹೋಗಿಬಿಡುತ್ತದೆ.