12ನೇ ಸೀಟಿನ ಎರಡು ಬಗ್‌ಗಳು

ಎರಡು ವರ್ಷದ ಹಿಂದೆ ಒಂದು ಬಸ್ ಟಿಕೆಟ್ ಸೈಟ್‌ನ ಆಕ್ಸೆಸಿಬಿಲಿಟಿ ಟೆಸ್ಟಿಂಗ್ ನನ್ನ ಕೈಗೆ ಬಂತು. ಆಕ್ಸ್ ಅನ್ನುವ ತಪಾಸಣೆಯ ಟೂಲ್ ಓಡಿಸಿ ಸುಮಾರು 140 ಬಗ್ ಸುರಿದೆ. ಸಿವಿಯರಿಟಿಯೂ ಟೂಲ್ ಹೇಳಿದ್ದೇ. ಫುಟರ್‌ನ ಬೂದು ಅಕ್ಷರಕ್ಕೆಲ್ಲ 'ಸೀರಿಯಸ್'. ಮೂರು ತಿಂಗಳಲ್ಲಿ ಸರಿಯಾದದ್ದು ಹತ್ತೋ ಹನ್ನೆರಡೋ. ನನ್ನ ಕೊನೆಯ ಕಂತು, 30 ಸಾವಿರದ ಹತ್ತಿರ, ಬರದೇ ನಿಂತಿತು.

ನಿಜವಾದ ತೊಂದರೆ ಟೂಲ್‌ಗೆ ಕಂಡೇ ಇರಲಿಲ್ಲ. ಪ್ರತಿ ಸೀಟೂ ಹೀಗಿತ್ತು:

```
<div class="seat" onclick="pick(12)">12</div>
```

ಆಕ್ಸ್‌ಗೆ ಇದು ಬರೀ ಡಿವ್. ಕೈಯಾರೆ ನೋಡಿ "ಅಂಧರಿಗೆ ಸೀಟ್ ಆರಿಸಲು ಆಗುವುದಿಲ್ಲ, ಕ್ರಿಟಿಕಲ್" ಅಂತ ಹಾಕಿದೆ. ಡೆವಲಪರ್ ಮೀಟಿಂಗ್‌ನಲ್ಲೇ ಎನ್‌ವಿಡಿಎ ಅನ್ನುವ, ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಹಚ್ಚಿ, ಬಾಣದ ಕೀಲಿಯಲ್ಲಿ ಸೀಟಿಗೆ ಬಂದು ಎಂಟರ್ ಒತ್ತಿದ. ಸೀಟ್ ಆಯ್ಕೆಯಾಯಿತು! "ಆಗುತ್ತಲ್ಲಾ ಸಾರ್" ಅಂದ. ಬಗ್ ಕ್ಲೋಸ್, ನನ್ನ ಮಾನವೂ. ಬ್ರೌಸ್ ಮೋಡ್‌ನಲ್ಲಿ ಎನ್‌ವಿಡಿಎ ಇಂಥದ್ದನ್ನು 'ಕ್ಲಿಕ್ಕಬಲ್' ಅಂತ ಓದಿ, ಎಂಟರ್ ಒತ್ತಿದರೆ ತಾನೇ ಕ್ಲಿಕ್ ಕಳಿಸುತ್ತದೆ. ಅದು ನನಗೆ ಹೊಳೆದಿರಲಿಲ್ಲ.

ಮರುದಿನ ಅದನ್ನೇ ಒಡೆದು ಎರಡು ಬಗ್ ಮಾಡಿದೆ. ಮೊದಲನೆಯದು ಆಕ್ಸೆಸಿಬಿಲಿಟಿಯ ಡಬ್ಲ್ಯುಸಿಎಜಿ ನಿಯಮಗಳಲ್ಲಿ 2.1.1, ಕೀಬೋರ್ಡ್. ತೊಂದರೆ ಯಾರಿಗೆ? ಕಣ್ಣು ಕಾಣುವ, ಆದರೆ ಕೈ ನಡುಕದಿಂದ ಮೌಸ್ ಹಿಡಿಯಲಾಗದವರಿಗೆ. ಟ್ಯಾಬ್ ಒತ್ತಿದರೆ ಸೀಟುಗಳನ್ನೆಲ್ಲ ಹಾರಿ 'ಮುಂದುವರಿಸಿ'ಗೆ ಹೋಗುತ್ತದೆ. ಟಿಕೆಟ್ ಸಿಗುವುದೇ ಇಲ್ಲ, ಬೇರೆ ದಾರಿಯೂ ಇಲ್ಲ. ಬ್ಲಾಕರ್. ಎರಡನೆಯದು 4.1.2, ನೇಮ್ ರೋಲ್ ವ್ಯಾಲ್ಯೂ. ಸ್ಕ್ರೀನ್ ರೀಡರ್ ಬಳಸುವವರಿಗೆ ಆ ಸೀಟ್ ಖಾಲಿಯಾ, ತಾವು ಒತ್ತಿದ್ದು ಹತ್ತಿತಾ ಅನ್ನುವುದೇ ತಿಳಿಯುವುದಿಲ್ಲ. ಅನುಮಾನಕ್ಕೆ ಇನ್ನೊಮ್ಮೆ ಒತ್ತಿದರೆ ಆಯ್ಕೆ ಬಿಟ್ಟುಹೋಗುತ್ತದೆ. ಆದರೆ ಮುಂದಿನ ಪುಟದಲ್ಲಿ ಸೀಟ್ ನಂಬರ್ ಓದುವುದರಿಂದ ಹಿಂದೆ ಹೋಗಿ ಸರಿಮಾಡಬಹುದು. ಅದಕ್ಕೇ ಹೈ.

ಎರಡೂ ಆ ನಿಯಮಗಳ ಕನಿಷ್ಠ ಮಟ್ಟವಾದ ಲೆವೆಲ್ ಎ. ಲೆವೆಲ್ ನೋಡಿ ಸಿವಿಯರಿಟಿ ಹಾಕುವ ಚಟ ಅಲ್ಲಿಗೆ ಬಿಟ್ಟೆ. ಪೇಮೆಂಟ್ ಪುಟದ ತಿಳಿಗೆಂಪು ಎರರ್ ಅಕ್ಷರ ಡಬಲ್ ಎ ಆದರೂ ಹೈ. ಫುಟರ್‌ನ ಪ್ರಶಸ್ತಿ ಚಿತ್ರಕ್ಕೆ ಆಲ್ಟ್ ಇಲ್ಲದ್ದು ಲೆವೆಲ್ ಎ ಆದರೂ ಲೋ.

ಒಡೆದದ್ದು ಬೇಗನೇ ಕೆಲಸಕ್ಕೆ ಬಂತು. ಡೆವಲಪರ್ ಹುಡುಗ `tabindex="0"` ಹಾಕಿ ಮೊದಲನೆಯದನ್ನು ಮುಚ್ಚಿದ. ಫೋಕಸ್ ಬರುತ್ತೆ, ಎಂಟರ್ ಒತ್ತಿದರೆ ಏನೂ ಆಗಲ್ಲ. ರೀಓಪನ್ ಮಾಡಿದೆ. ಒಂದೇ ಬಗ್ ಆಗಿದ್ದರೆ ಎರಡನೆಯದೂ ಅದರ ಜೊತೆಗೇ ಮುಚ್ಚಿಹೋಗುತ್ತಿತ್ತು. ಕೊನೆಗೆ ನಿಜವಾದ `<button>` ಬಂತು, ಒತ್ತಿದೆಯಾ ಇಲ್ಲವಾ ಅಂತ ಸ್ಕ್ರೀನ್ ರೀಡರ್‌ಗೆ ತಿಳಿಸುವ `aria-pressed` ಸಮೇತ.

ನಡುವೆ ಸುಮ್ನೆ ಒಂದು ಪ್ರಯೋಗ. ಮ್ಯಾನೇಜರ್ ಮೌಸ್ ಕಿತ್ತುಕೊಂಡು ಮೈಸೂರಿಗೆ ಟಿಕೆಟ್ ಮಾಡಿ ಅಂದೆ. ನಾಲ್ಕು ನಿಮಿಷಕ್ಕೆ ಕೈಚೆಲ್ಲಿದರು. ಬಗ್‌ನ ಮೊದಲ ಸಾಲು ಹೇಗೆ ಬರೆದರೆ ಅವರು ಪೂರ್ತಿ ಓದುತ್ತಾರೆ ಅನ್ನುವುದು ಆವತ್ತೇ ಗೊತ್ತಾಯಿತು. ಅದನ್ನು ಮಾತ್ರ ಹೇಳಲ್ಲ, ನನ್ನ ಹೊಟ್ಟೆಪಾಡು!

ಆ 140 ಬಗ್ಗನ್ನು 25ರ ಆಸುಪಾಸಿಗೆ ಇಳಿಸಿದೆ. ಆರು ವಾರದಲ್ಲಿ ಇಪ್ಪತ್ತು ಸರಿಯಾದವು, ಕಂತೂ ಬಂತು. ಉಳಿದವುಗಳಲ್ಲಿ ಒಂದು ಇನ್ನೂ ಓಪನ್: ಹೆಂಗಸರ ಸೀಟಿಗೆ ಗುಲಾಬಿ ಬಣ್ಣ ಬಿಟ್ಟರೆ ಬೇರೆ ಗುರುತಿಲ್ಲ, 1.4.1. ನಾನು ಹೈ ಅಂತೀನಿ, ಅವರು ಮೀಡಿಯಂ ಅಂತಾರೆ.