ಆರು ಗುಂಡಿನ ರಿವಾಲ್ವರ್, ಹತ್ತು ಗುಂಡಿನ ಪಿಸ್ತೂಲು: ಕಲಿಕೆಯ ಮೊದಲ ವರ್ಷದ ನನ್ನ ಅನುಭವ

ಗುರಿ ಹೊಡೆಯುವ ಕ್ರೀಡೆಯನ್ನು ಕಲಿಯಲು ಹೊರಟಾಗ ನಾನು ಲೆಕ್ಕ ಹಾಕಿದ್ದು ಗುಂಡುಗಳ ಸಂಖ್ಯೆಯನ್ನು ಮಾತ್ರ. ರಿವಾಲ್ವರಿನ ಸಿಲಿಂಡರಿನಲ್ಲಿ ಆರು, .22 ಪಿಸ್ತೂಲಿನ ಮ್ಯಾಗಜೀನಿನಲ್ಲಿ ಹತ್ತು. ಹತ್ತು ಆರಕ್ಕಿಂತ ಹೆಚ್ಚಾದ್ದರಿಂದ ಪಿಸ್ತೂಲೇ ಮೇಲು ಎಂದು ತೀರ್ಮಾನಿಸಿಕೊಂಡೇ ರೇಂಜಿಗೆ ಹೋಗಿದ್ದೆ. ತರಬೇತುದಾರರು ನನ್ನ ವಾದವನ್ನು ಕೇಳಿಸಿಕೊಂಡು, ಹಳೆಯ .22 ರಿವಾಲ್ವರೊಂದನ್ನು ಕೈಗಿತ್ತು, "ಮೊದಲ ಮೂರು ತಿಂಗಳು ಇದರಲ್ಲಿ ಹೊಡೆಯಿರಿ, ಆಮೇಲೆ ಮಾತಾಡೋಣ" ಎಂದರು. ನನಗೆ ಸ್ವಲ್ಪ ಬೇಸರವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಎರಡನೆಯ ವಾರದಲ್ಲಿ ಅವರು ಮಾಡಿಸಿದ ಒಂದು ಅಭ್ಯಾಸ ನನ್ನ ಲೆಕ್ಕವನ್ನೇ ಬದಲಿಸಿತು. ನನ್ನ ಗುಂಡುಗಳೆಲ್ಲ ಗುರಿಯ ಕೆಳಗೆ ಎಡಕ್ಕೆ ಬೀಳುತ್ತಿದ್ದವು. ದೃಷ್ಟಿಸಾಧನವೇ ಸರಿಯಿಲ್ಲವೆಂದು ನಾನು ದೂರುತ್ತಿದ್ದೆ. ಅವರು ನನ್ನನ್ನು ಹಿಂದಕ್ಕೆ ತಿರುಗಿ ನಿಲ್ಲಲು ಹೇಳಿ, ಮೂರು ಜೀವಂತ ತೋಟಾಗಳನ್ನೂ ಆಗಲೇ ಹಾರಿಸಿದ್ದ ಮೂರು ಖಾಲಿ ಕೇಸುಗಳನ್ನೂ ಮನಬಂದಂತೆ ಬೆರೆಸಿ ತುಂಬಿ, ಸಿಲಿಂಡರನ್ನು ತಿರುಗಿಸಿ ಮುಚ್ಚಿ ಕೊಟ್ಟರು. (ತೋಟಾ ಕೂರುವ ಕೋಣೆಗಳನ್ನು ಬರಿದಾಗಿ ಬಿಡದೆ ಖಾಲಿ ಕೇಸು ಹಾಕುವುದಕ್ಕೂ ಕಾರಣವಿದೆ: ಕೆಲವು .22 ಆಯುಧಗಳಲ್ಲಿ ಬರಿದಾದ ಕೋಣೆಯ ಅಂಚಿಗೆ ಫೈರಿಂಗ್ ಪಿನ್ ಬಡಿದು ಅಂಚು ಜಜ್ಜಿಹೋಗುತ್ತದೆ.) ಮೊದಲ ಗುಂಡು ಹಾರಿತು. ಎರಡನೆಯ ಬಾರಿ ಟ್ರಿಗರ್ ಎಳೆದಾಗ 'ಟಕ್' ಎಂಬ ಸದ್ದಷ್ಟೇ ಬಂತು. ಆದರೆ ನಳಿಗೆಯ ತುದಿ ಹೆಬ್ಬೆರಳಿನ ಅಗಲದಷ್ಟು ಕೆಳಗೆ ಜಗ್ಗಿದ್ದನ್ನು ನಾನೇ ಕಣ್ಣಾರೆ ಕಂಡೆ. ಸಿಡಿಯುವ ಮೊದಲೇ ಸಿಡಿತಕ್ಕೆ ಹೆದರಿ ಮಣಿಕಟ್ಟು ಕೆಳಕ್ಕೆ ತಳ್ಳುತ್ತಿತ್ತು. ಗುಂಡು ನಿಜವಾಗಿ ಹಾರಿದಾಗ ಹಿನ್ನೊದೆತವು ಆ ತಪ್ಪನ್ನು ಮರೆಮಾಚುತ್ತದೆ, ಆದ್ದರಿಂದ ಹೊಡೆಯುವವನಿಗೆ ಅದು ಕಾಣುವುದೇ ಇಲ್ಲ.

ಈ ಅಭ್ಯಾಸವನ್ನು ಪಿಸ್ತೂಲಿನಲ್ಲಿಯೂ ಮಾಡಬಹುದು, ಮ್ಯಾಗಜೀನಿನ ನಡುವೆ ನಕಲಿ ತೋಟಾ ಸೇರಿಸಿದರಾಯಿತು. ಆದರೆ ಅಲ್ಲಿ ಪ್ರತಿ ನಕಲಿ ತೋಟಾ ಬಂದಾಗಲೂ ಪಿಸ್ತೂಲಿನ ಮೇಲೆ ಹಿಂದೆಮುಂದೆ ಸರಿಯುವ ಭಾಗವಾದ ಸ್ಲೈಡನ್ನು ಕೈಯಿಂದ ಎಳೆದು ಅದನ್ನು ಹೊರಹಾಕಬೇಕು, ಅಷ್ಟರಲ್ಲಿ ಕೈಯ ಹಿಡಿತವೂ ನಿಲುವೂ ಕದಡಿಹೋಗುತ್ತವೆ. ರಿವಾಲ್ವರಿನಲ್ಲಿ ಹಿಡಿತ ಬದಲಿಸದೆ ಮುಂದಿನ ಕೋಣೆಗೆ ಹೋಗಬಹುದು. ನಾಲ್ಕು ವಾರ, ಪ್ರತಿ ಸಲವೂ ಮೊದಲ ಮೂವತ್ತು ಎಳೆತಗಳನ್ನು ಹೀಗೆಯೇ ಮಾಡಿದ ಮೇಲೆ 'ಟಕ್' ಸದ್ದಿಗೆ ನಳಿಗೆ ಅಲುಗದೆ ನಿಲ್ಲತೊಡಗಿತು.

ಟ್ರಿಗರಿನ ವಿಚಾರದಲ್ಲಿ ರಿವಾಲ್ವರ್ ದಯೆ ತೋರುವುದಿಲ್ಲ. ತೋಟಾ ಸಿಡಿಸಲು ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆ ಎಳೆದಿಟ್ಟರೆ ಟ್ರಿಗರಿನ ತೂಕ ಸುಮಾರು ಒಂದೂವರೆ ಕಿಲೋ. ಹಾಗೆ ಮಾಡದೆ ಟ್ರಿಗರಿನಿಂದಲೇ ಹ್ಯಾಮರನ್ನು ಎತ್ತಿ ಬೀಳಿಸಬೇಕಾದರೆ ಅದು ಐದು ಕಿಲೋಗಳ ಆಸುಪಾಸಿಗೆ ಏರುತ್ತದೆ. ಅಂತರರಾಷ್ಟ್ರೀಯ ನಿಯಮದ 25 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ಟ್ರಿಗರಿನ ಕನಿಷ್ಠ ತೂಕ 1000 ಗ್ರಾಂ ಎಂಬುದನ್ನು ನೆನೆದರೆ ಈ ಅಂತರ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಸಣ್ಣ ಕೈಯವರಿಗೆ, ಬೆರಳಿನ ಬಲ ಕಡಿಮೆ ಇರುವವರಿಗೆ, ರಿವಾಲ್ವರ್ ಸುಲಭವೆಂಬ ಮಾತು ಇಲ್ಲಿ ಸುಳ್ಳಾಗುತ್ತದೆ. ಸುಲಭವಾಗಿರುವುದು ಅದರ ಸ್ಥಿತಿಯನ್ನು ತಿಳಿಯುವುದು: ಸಿಲಿಂಡರ್ ಹೊರಕ್ಕೆ ಬಂದರೆ ಆರೂ ಕೋಣೆಗಳು ಕಣ್ಣೆದುರಿಗಿರುತ್ತವೆ. ಪಿಸ್ತೂಲಿನಲ್ಲಿ ಮ್ಯಾಗಜೀನ್ ತೆಗೆದ ಮೇಲೂ ಕೋಣೆಯಲ್ಲಿ ಒಂದು ತೋಟಾ ಉಳಿದಿರಬಹುದು. ಮೊದಲು ಮ್ಯಾಗಜೀನ್ ತೆಗೆದು, ಆಮೇಲೆ ಸ್ಲೈಡ್ ಎಳೆದು, ಕೋಣೆಯನ್ನು ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳುವ ಕ್ರಮ ತಲೆಕೆಳಗಾದರೆ, ಸ್ಲೈಡು ಮ್ಯಾಗಜೀನಿನಿಂದ ಹೊಸ ತೋಟಾವನ್ನು ಕೋಣೆಗೆ ತಳ್ಳಿಬಿಡುತ್ತದೆ. ಹೊಡೆಯುವವನು ಮಾತ್ರ ಆಯುಧ ಖಾಲಿಯೆಂದೇ ನಂಬಿರುತ್ತಾನೆ.

ನಾಲ್ಕನೆಯ ತಿಂಗಳು ಪಿಸ್ತೂಲು ಕೈಗೆ ಬಂತು, ಅದರ ಹಿಂದೆಯೇ ತೊಂದರೆಗಳೂ ಬಂದವು. ಪ್ರತಿ ಮ್ಯಾಗಜೀನಿಗೆ ಒಂದೆರಡು ಬಾರಿ ಖಾಲಿ ಕೇಸು ಪೂರ್ತಿ ಹೊರಬೀಳದೆ ಸ್ಲೈಡಿನ ಬಾಯಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತಿತ್ತು. ತೋಟಾ ಕೆಟ್ಟದಿರಬೇಕೆಂದು ನಾನು ಹೇಳಿದೆ. ತರಬೇತುದಾರರು ಅದೇ ಪಿಸ್ತೂಲಿನಲ್ಲಿ, ಅದೇ ಪೆಟ್ಟಿಗೆಯ ಇಪ್ಪತ್ತು ಗುಂಡುಗಳನ್ನು ಒಂದೂ ಸಿಕ್ಕಿಕೊಳ್ಳದಂತೆ ಹೊಡೆದು ಮುಗಿಸಿದರು. ದೋಷ ನನ್ನ ಮಣಿಕಟ್ಟಿನಲ್ಲಿತ್ತು. ಸ್ಲೈಡ್ ಹಿಂದಕ್ಕೆ ಸರಿದು ತನ್ನ ಕೆಲಸ ಮುಗಿಸಬೇಕಾದರೆ ಪಿಸ್ತೂಲಿನ ಚೌಕಟ್ಟು ಕೈಯಲ್ಲಿ ಭದ್ರವಾಗಿ ನಿಂತಿರಬೇಕು. ಚೌಕಟ್ಟೂ ಸ್ಲೈಡಿನ ಜೊತೆಗೇ ಹಿಂದೆ ಹೋದರೆ ಶಕ್ತಿ ಸೋರಿಹೋಗಿ ಸ್ಲೈಡ್ ಅರ್ಧಕ್ಕೇ ಮರಳುತ್ತದೆ. ರಿವಾಲ್ವರ್ ಈ ಸಡಿಲ ಹಿಡಿತವನ್ನು ಮೂರು ತಿಂಗಳು ಸದ್ದಿಲ್ಲದೆ ಸಹಿಸಿಕೊಂಡಿತ್ತು, ಏಕೆಂದರೆ ಅದರ ಸಿಲಿಂಡರನ್ನು ತಿರುಗಿಸುವುದು ಗುಂಡಿನ ಶಕ್ತಿಯಲ್ಲ, ಹೊಡೆಯುವವನ ಕೈ.

ಹಿಡಿತ ಸರಿಯಾದ ಮೇಲೂ ಒಂದು ತೊಂದರೆ ಉಳಿಯಿತು: ಆಗಾಗ ತೋಟಾ ಮೂತಿ ಮೇಲೆತ್ತಿಕೊಂಡು ಕೋಣೆಯ ಬಾಯಿಗೆ ತಗುಲಿ ನಿಲ್ಲುತ್ತಿತ್ತು. ಮೂರು ಮ್ಯಾಗಜೀನುಗಳ ತಳಕ್ಕೆ ಬಣ್ಣದಿಂದ ಒಂದು, ಎರಡು, ಮೂರು ಎಂದು ಬರೆದು, ಪ್ರತಿ ತೊಂದರೆಯನ್ನೂ ಪುಸ್ತಕದಲ್ಲಿ ಗುರುತಿಸುತ್ತಾ ಹೋದೆ. ಎರಡು ವಾರದಲ್ಲಿ ಬಿದ್ದ ಏಳು ಗುರುತುಗಳಲ್ಲಿ ಆರು ಎರಡನೆಯ ಮ್ಯಾಗಜೀನಿನವು. ಅದರ ಮೇಲ್ತುದಿಯ ಅಂಚೊಂದು, ಬಹುಶಃ ನೆಲಕ್ಕೆ ಬಿದ್ದು, ಕೊಂಚ ಹೊರಕ್ಕೆ ಬಾಗಿತ್ತು. ಅದನ್ನು ಬದಿಗಿಟ್ಟ ಮೇಲೆ ಪಿಸ್ತೂಲಿನ ಮೇಲೆ ನನಗೆ ದೂರಿಲ್ಲ.

ಹಾಗೆಂದು ರಿವಾಲ್ವರ್ ಕೈಕೊಡುವುದೇ ಇಲ್ಲವೆಂದಲ್ಲ. ಅದು ಅಪರೂಪಕ್ಕೆ ಕೈಕೊಡುತ್ತದೆ, ಕೊಟ್ಟಾಗ ಆ ಸರದಿಯೇ ಮುಗಿದಂತೆ. ಒಮ್ಮೆ ನೂರಿಪ್ಪತ್ತು ಗುಂಡುಗಳಾದ ಮೇಲೆ ಸಿಲಿಂಡರ್ ಮುಚ್ಚಲು ಬಿಗಿಯಾಗಿ, ಟ್ರಿಗರ್ ಕೆಲವು ಕೋಣೆಗಳಿಗೆ ಮಾತ್ರ ವಿಪರೀತ ಭಾರವಾಯಿತು. ಖಾಲಿ ಕೇಸುಗಳನ್ನು ಹೊರಕ್ಕೆ ತಳ್ಳುವ ನಕ್ಷತ್ರಾಕಾರದ ತಟ್ಟೆಯ ಕೆಳಗೆ ಸುಡದ ಮದ್ದಿನ ಕಣಗಳು ಸೇರಿಕೊಂಡು, ತಟ್ಟೆ ಕೂದಲೆಳೆಯಷ್ಟು ಎದ್ದು ನಿಂತಿತ್ತು. ನಾನು ನಳಿಗೆಯನ್ನು ಕೆಳಮುಖವಾಗಿಟ್ಟು ಕೇಸು ತಳ್ಳುತ್ತಿದ್ದುದರಿಂದ ಕಸವೆಲ್ಲ ತಟ್ಟೆಯ ಕೆಳಕ್ಕೇ ಇಳಿಯುತ್ತಿತ್ತು. ನಳಿಗೆ ಮೇಲ್ಮುಖವಾಗಿರುವಂತೆ ಹಿಡಿದು, ತಳ್ಳುಕಡ್ಡಿಯನ್ನು ಒಂದೇ ಸಲ ಬಿರುಸಾಗಿ ಒತ್ತಿ, ಐವತ್ತು ಗುಂಡಿಗೊಮ್ಮೆ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಟ್ಟೆಯ ಅಡಿಯನ್ನು ಉಜ್ಜತೊಡಗಿದ ಮೇಲೆ ಅದು ಮರುಕಳಿಸಲಿಲ್ಲ. ಸಿಡಿಯದ ತೋಟಾ ಬಂದರೆ ರಿವಾಲ್ವರಿನಲ್ಲಿ ಮತ್ತೆ ಟ್ರಿಗರ್ ಎಳೆದರಾಯಿತು ಎಂದು ಬಹಳ ಜನ ಹೇಳುತ್ತಾರೆ. ಅಭ್ಯಾಸದಲ್ಲಿ ನಾನು ಹಾಗೆ ಮಾಡುವುದಿಲ್ಲ. ತಡವಾಗಿ ಸಿಡಿಯುವ ಸಾಧ್ಯತೆ ಇರುವುದರಿಂದ ನಳಿಗೆಯನ್ನು ಗುರಿಯತ್ತಲೇ ಹಿಡಿದು ಮೂವತ್ತು ಸೆಕೆಂಡು ಕಾದು, ಆಮೇಲೆ ತೆರೆಯುತ್ತೇನೆ.

ಇನ್ನು ನನ್ನ ಮೊದಲ ಲೆಕ್ಕದ ವಿಚಾರ. 25 ಮೀಟರ್ ಸ್ಪರ್ಧೆಗಳಲ್ಲಿ ಐದೈದು ಗುಂಡುಗಳ ಸರದಿ ನಡೆಯುವುದರಿಂದ ಆರಕ್ಕೂ ಹತ್ತಕ್ಕೂ ವ್ಯತ್ಯಾಸವೇ ಇಲ್ಲ. ಓಡುತ್ತಾ ಹಲವು ಗುರಿಗಳನ್ನು ಹೊಡೆಯುವ ಪ್ರಾಕ್ಟಿಕಲ್ ಶೂಟಿಂಗಿನಲ್ಲಿ ಮಾತ್ರ ಅದು ನಿಜವಾಗಿ ಕಾಡುತ್ತದೆ: ಒಂದೇ ಜಾಗದಿಂದ ಎಂಟು ಗುಂಡು ಬೇಕಾದಾಗ ಆರು ಗುಂಡಿನವನು ನಡುವೆ ನಿಂತು ತುಂಬಿಕೊಳ್ಳಬೇಕು. ಆ ದಾರಿ ಹಿಡಿಯುವವರಿಗೆ ನಾನು ಪಿಸ್ತೂಲನ್ನೇ ಹೇಳುತ್ತೇನೆ. ನನ್ನದು ನಿಂತಲ್ಲೇ ನಿಂತು ಹೊಡೆಯುವ ಆಟ. ಇಲ್ಲಿ ಹತ್ತು ತುಂಬಿದ ದಿನಗಳಲ್ಲಿ ಕೊನೆಯ ನಾಲ್ಕು ಗುಂಡುಗಳು ಆತುರದಿಂದ ಚದುರುವುದನ್ನು ಗುರಿಹಾಳೆಯೇ ತೋರಿಸಿತು. ಈಗ ಪಿಸ್ತೂಲನ್ನೇ ಬಳಸುತ್ತೇನೆ, ಆದರೆ ಮ್ಯಾಗಜೀನಿಗೆ ಐದೇ ತುಂಬುತ್ತೇನೆ, ಮತ್ತು ತಿಂಗಳಿಗೊಮ್ಮೆ ಆ ಹಳೆಯ ರಿವಾಲ್ವರನ್ನು ಕೇಳಿ ಪಡೆದು, ಮೂರು ಜೀವಂತ ತೋಟಾ, ಮೂರು ಖಾಲಿ ಕೇಸು ತುಂಬಿಕೊಡಲು ಪಕ್ಕದವರನ್ನು ಕೋರುತ್ತೇನೆ. ಕಳೆದ ತಿಂಗಳು ಮೂರನೆಯ 'ಟಕ್'ಗೆ ನಳಿಗೆ ಮತ್ತೆ ಸ್ವಲ್ಪ ಜಗ್ಗಿತು.